50 ಸಾವಿರದೊಳಗೆ ಮೊದಲ ಕ್ಯಾಮೆರಾ: ಅತ್ತಿ ಮರದ ಮಂಗಟ್ಟೆಗೆ ದೊಡ್ಡ ಸೆನ್ಸರ್ ಬೇಕಾ?

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಮನೆಯ ಎದುರು ಒಂದು ದೊಡ್ಡ ಅತ್ತಿ ಮರ ಇದೆ. ಹಣ್ಣು ಬಿಟ್ಟಾಗ ಬೆಳಿಗ್ಗೆ ಬೂದು ಮಂಗಟ್ಟೆಗಳು ಬರುತ್ತವೆ. ತೋಟದ ಕೆರೆ ಹತ್ತಿರ ಒಂದು ಪುಟ್ಟ ಮಿಂಚುಳ್ಳಿ ದಿನಾ ಒಂದೇ ಕೋಲಿನ ಮೇಲೆ ಕೂರುತ್ತದೆ. ಎರಡು ವರ್ಷದಿಂದ ಮೊಬೈಲಿನಲ್ಲಿ ತೆಗೆಯುತ್ತಿದ್ದೇನೆ. ದೊಡ್ಡದು ಮಾಡಿ ನೋಡಿದರೆ ಬಣ್ಣದ ಕಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕೈಯಲ್ಲಿ 50 ಸಾವಿರ ಇದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದೆ. ಹಕ್ಕಿಗೆ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ ಅಂದರು. ನಮ್ಮ ಭಾವ ನಿಕಾನ್ ಪಿ900 ತಗೋ, ಚಂದ್ರನ ಗುಂಡಿಗಳೂ ಕಾಣುತ್ತವೆ ಅಂತಾರೆ. ಇನ್ನೊಬ್ಬರು ಅವರ ನಿಕಾನ್ ಡಿ5600 ಅನ್ನು ಎರಡು ಲೆನ್ಸ್ ಸಮೇತ 34 ಸಾವಿರಕ್ಕೆ ಕೊಡುತ್ತೇನೆ ಅಂತ ಹೇಳಿದ್ದಾರೆ.

ಹಗ್ಗ ಹಿಡಿದು ಅಳೆದಿದ್ದೇನೆ. ಜಗಲಿಯಿಂದ ಅತ್ತಿ ಕೊಂಬೆಗೆ 25 ಮೀಟರ್. ಕೆರೆ ದಂಡೆಯಿಂದ ಮಿಂಚುಳ್ಳಿ ಕೋಲಿಗೆ 8 ಮೀಟರ್. ನನ್ನ ಪ್ರಶ್ನೆ ಇಷ್ಟೇ: ದುಡ್ಡನ್ನು ಸೆನ್ಸರ್ ಮೇಲೆ ಹಾಕಬೇಕಾ, ಲೆನ್ಸ್ ಮೇಲೆ ಹಾಕಬೇಕಾ?

ಹುಬ್ಬಳ್ಳಿ ಹುಡುಗ

ಅಕ್ಕಾರ, ಅಂಗಡಿಯವರು ಖರೇನ ಹೇಳ್ಯಾರ. ಸೆನ್ಸರ್ ದೊಡ್ಡದಾದಷ್ಟು ಬೆಳಕು ಜಾಸ್ತಿ, ಫೋಟೋದಾಗ ಮರಳಿನಂಗ ಕಾಣೋ ಕಾಳು ಕಡಿಮೆ. ನನ್ನ ಹತ್ರ ಮೊದಲು ಡಿ5300 ಇತ್ತು, ಈಗ ಫುಲ್ ಫ್ರೇಮ್ ಡಿ750 ಐತಿ. ಮದುವಿ ಮನಿಯೊಳಗ ಸಂಜೀ ಹೊತ್ತು ತಗದ ಫೋಟೋ ನೋಡಿದ್ರ ಎರಡರ ನಡುವಿನ ಫರಕು ಎದ್ದು ಕಾಣತೈತಿ. ಹಳೇ ಡಿ750 ಬಾಡಿ ಹುಡುಕ್ರಿ. ಲೆನ್ಸ್ ಆಮ್ಯಾಲ ನೋಡೋಣು.

ವಿದ್ಯಾ ಎನ್.

ನನ್ನದೂ ಇದೇ ಸಮಸ್ಯೆ, ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ. ಮಗಳು ಭರತನಾಟ್ಯ ಮಾಡುತ್ತಾಳೆ. ನನ್ನಲ್ಲಿ ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55 ಲೆನ್ಸ್ ಇದೆ. ವೇದಿಕೆ ಫೋಟೋ ಎಲ್ಲ ಕೈ ಕಾಲು ಅಲುಗಾಡಿದ ಹಾಗೆ ಬರುತ್ತದೆ. ಫುಲ್ ಫ್ರೇಮ್ ತಗೊಂಡರೆ ಸರಿ ಹೋಗುತ್ತದಾ?

ಕತ್ತಲೆಕೋಣೆ

ಅಡಿಕೆತೋಟ ಅವರೇ, ನೀವು ದೂರ ಅಳೆದು ಬರೆದಿದ್ದು ಬಹಳ ಒಳ್ಳೆಯದಾಯಿತು. ನಾನು ಮೈಸೂರಿನಲ್ಲಿ ಸುಮಾರು ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು. ಯಾವ ಕ್ಯಾಮೆರಾ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಹಕ್ಕಿ ಎಷ್ಟು ದೂರ ಕೂರುತ್ತದೆ ಅಂತ ಹೇಳುವವರು ಕಡಿಮೆ.

ಲೆಕ್ಕ ಕಷ್ಟದ್ದಲ್ಲ. ಬೂದು ಮಂಗಟ್ಟೆ ಸುಮಾರು 45 ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. 25 ಮೀಟರ್ ದೂರದಿಂದ 300 ಮಿಲಿಮೀಟರ್ ಲೆನ್ಸ್ ಅದರ ಬಿಂಬವನ್ನು ಸೆನ್ಸರ್ ಮೇಲೆ 5.4 ಮಿಲಿಮೀಟರ್ ಉದ್ದಕ್ಕೆ ಬೀಳಿಸುತ್ತದೆ. ಹಕ್ಕಿಯ ಉದ್ದವನ್ನು ಲೆನ್ಸಿನ ಮಿಲಿಮೀಟರ್‌ನಿಂದ ಗುಣಿಸಿ ದೂರದಿಂದ ಭಾಗಿಸಿದರೆ ಆಯಿತು. ಆ 5.4 ಮಿಲಿಮೀಟರ್ ಬಿಂಬ ಹಿಂದೆ ಯಾವ ಸೆನ್ಸರ್ ಇದೆ ಅಂತ ನೋಡಿಕೊಂಡು ಚಿಕ್ಕದು ದೊಡ್ಡದು ಆಗುವುದಿಲ್ಲ. ಸೆನ್ಸರ್ ದೊಡ್ಡದಾದರೆ ಹಕ್ಕಿಯ ಸುತ್ತ ಎಲೆ, ಆಕಾಶ ಜಾಸ್ತಿ ಬರುತ್ತದೆ, ಅಷ್ಟೇ.

ಈಗ ಹುಬ್ಬಳ್ಳಿಯವರ ಡಿ750 ತಗೊಳ್ಳಿ. ಅದರಲ್ಲಿ 24 ಮೆಗಾಪಿಕ್ಸೆಲ್ ಸುಮಾರು 36 ಮಿಲಿಮೀಟರ್ ಅಗಲಕ್ಕೆ ಹರಡಿದೆ. ಮಂಗಟ್ಟೆಯ ಮೇಲೆ ಬೀಳುವುದು 900 ಪಿಕ್ಸೆಲ್. ಡಿ7200 ಅಥವಾ ಡಿ5600ರಲ್ಲೂ ಅದೇ 24 ಮೆಗಾಪಿಕ್ಸೆಲ್, ಆದರೆ 23.5 ಮಿಲಿಮೀಟರ್ ಅಗಲದೊಳಗೆ ಒತ್ತೊತ್ತಾಗಿದೆ. ಅಲ್ಲಿ ಅದೇ ಹಕ್ಕಿಗೆ 1,370ರಷ್ಟು ಪಿಕ್ಸೆಲ್ ಸಿಗುತ್ತದೆ. ಎಲ್ಲದಕ್ಕೂ ಒಂದೇ ಲೆನ್ಸ್. ಹಕ್ಕಿ ದೂರ ಇದ್ದು, ಫೋಟೋವನ್ನು ಆಮೇಲೆ ಕತ್ತರಿಸಲೇಬೇಕು ಅಂತಾದಾಗ ಚಿಕ್ಕ ಸೆನ್ಸರ್ ನಿಮ್ಮ ಪರ.

ಹುಬ್ಬಳ್ಳಿ ಹುಡುಗ

ಪಿಕ್ಸೆಲ್ ಮಾತು ಒಪ್ಪಿದೆ ಸರ್. ಆದ್ರ ಬೆಳಕಿನ ಮಾತು? ಸಣ್ಣ ಸೆನ್ಸರ್‌ನ್ಯಾಗ ಕಾಳು ಬರೋದಿಲ್ಲೇನು?

ಕತ್ತಲೆಕೋಣೆ

ಒಳ್ಳೆಯ ಪ್ರಶ್ನೆ. ಬೆಳಕನ್ನು ಹಿಡಿಯುವುದು ಲೆನ್ಸಿನ ಬಾಯಿ. ಮಳೆಗೆ ಪಾತ್ರೆ ಇಟ್ಟ ಹಾಗೆ, ಬಾಯಿ ಎಷ್ಟು ಅಗಲವೋ ಅಷ್ಟು ನೀರು. 300 ಎಂಎಂ ಲೆನ್ಸಿನ ಮೇಲೆ ಎಫ್/5.6 ಅಂತ ಬರೆದಿದ್ದರೆ 300 ಅನ್ನು 5.6ರಿಂದ ಭಾಗಿಸಿ, 54 ಮಿಲಿಮೀಟರ್ ಬಂತು. ಆ ಮಂಗಟ್ಟೆಯಿಂದ ಹೊರಟ ಬೆಳಕಿನಲ್ಲಿ ಈ 54 ಮಿಲಿಮೀಟರ್ ಬಾಯಿಯೊಳಗೆ ಬಂದದ್ದಷ್ಟೇ ನಿಮ್ಮ ಪಾಲು. ಹಿಂದೆ ಡಿ750 ಇದ್ದರೂ ಅಷ್ಟೇ, ಡಿ7200 ಇದ್ದರೂ ಅಷ್ಟೇ. ಡಿ750 ಜಾಸ್ತಿ ಬೆಳಕು ಪಡೆಯುತ್ತದೆ ನಿಜ, ಆದರೆ ಆ ಹೆಚ್ಚಿನ ಬೆಳಕು ಸುತ್ತಲಿನ ಎಲೆ, ಆಕಾಶದ್ದು. ಅದನ್ನು ನಾವು ಕತ್ತರಿಸಿ ಬಿಸಾಕುತ್ತೇವೆ. ಉಳಿದ ಹಕ್ಕಿಯನ್ನು ಎರಡು ಕ್ಯಾಮೆರಾದಿಂದಲೂ ಒಂದೇ ಅಳತೆಗೆ ಪ್ರಿಂಟ್ ಹಾಕಿ ನೋಡಿ, ಕಾಳು ಹತ್ತಿರ ಹತ್ತಿರ ಒಂದೇ.

ಮದುವೆ ಮನೆಯಲ್ಲಿ ನಿಮಗೆ ಕಂಡ ಫರಕು ಸುಳ್ಳಲ್ಲ. ಅಲ್ಲಿ ನೀವು ಹತ್ತಿರ ಹೋಗಿ ಚೌಕಟ್ಟು ತುಂಬಿಸುತ್ತೀರಿ. ಚೌಕಟ್ಟು ತುಂಬಿಸಲು ಆಗುವ ಕಡೆ ದೊಡ್ಡ ಸೆನ್ಸರ್ ಗೆಲ್ಲುತ್ತದೆ. ಅತ್ತಿ ಮರದ ಹತ್ತಿರ ನಡೆದುಕೊಂಡು ಹೋದರೆ ಮಂಗಟ್ಟೆ ಕಾಯುತ್ತಾ ಕೂರುವುದಿಲ್ಲ ಅಲ್ವಾ?

ವಿದ್ಯಾ ಮೇಡಂ, ನಿಮ್ಮ ವಿಷಯ ಬೇರೆ. ನಿಮ್ಮದು ವೇದಿಕೆ, ಅಲ್ಲಿ ದೊಡ್ಡ ಸೆನ್ಸರ್ ಸಹಾಯ ಮಾಡುತ್ತದೆ. ಆದರೂ ಈಗಲೇ ಕ್ಯಾಮೆರಾ ಬದಲಿಸಬೇಡಿ. ನಿಮ್ಮ 18-55 ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಅದೇ ಕ್ಯಾಮೆರಾಗೆ ಒಂದು 50 ಎಂಎಂ ಎಫ್/1.8 ಎಸ್‌ಟಿಎಂ ಹಾಕಿದರೆ ಸೆನ್ಸರ್‌ಗೆ ಒಂಬತ್ತು ಪಟ್ಟಿಗೂ ಮೀರಿ ಬೆಳಕು ಬರುತ್ತದೆ. ಅಂದರೆ ಸೆಕೆಂಡಿನ 40ನೇ ಒಂದು ಭಾಗದಲ್ಲಿ ತೆಗೆಯುತ್ತಿದ್ದದ್ದನ್ನು 320ನೇ ಒಂದು ಭಾಗದಲ್ಲಿ ತೆಗೆಯಬಹುದು. ಕೈ ಕಾಲು ಅಲುಗಾಡಿದ ಹಾಗೆ ಬರುವುದು ಅಲ್ಲಿಗೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ವಿದ್ಯಾ ಎನ್.

ಅಯ್ಯೋ, ನಾನು ಕ್ಯಾಮೆರಾ ಮಾರಲು ಜಾಹೀರಾತು ಹಾಕಿಬಿಟ್ಟಿದ್ದೆ! ಈಗಲೇ ತೆಗೆಯುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.

ಕೆರೆಯಂಗಳ

ಪಿ900 ಬಗ್ಗೆ ನಾನು ಹೇಳಬಹುದು. ಮೂರು ವರ್ಷ ಇಟ್ಟುಕೊಂಡು ಹೊಸಕೋಟೆ ಕೆರೆಯಲ್ಲಿ ಓಡಾಡಿದ್ದೇನೆ. ಕೂತ ಹಕ್ಕಿಗೆ, ಒಳ್ಳೆ ಬಿಸಿಲಿದ್ದರೆ, ಅದು ಕೊಡುವ ಫೋಟೋ ಕಂಡು ನನ್ನ ಡಿಎಸ್‌ಎಲ್‌ಆರ್ ಗೆಳೆಯರೇ ಕಣ್ಣರಳಿಸಿದ್ದಾರೆ. ಯಾವ ಹಕ್ಕಿ ಅಂತ ಗುರುತು ಹಿಡಿಯುವುದಕ್ಕೆ ಅದನ್ನು ಮೀರಿಸುವುದು ಕಷ್ಟ. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ.

ತೊಂದರೆ ಎಲ್ಲಿ ಅಂದರೆ ಹಕ್ಕಿ ಹಾರಿದಾಗ. ಪೂರ್ತಿ ಜೂಮ್ ಹಾಕಿದರೆ ಹಕ್ಕಿಯನ್ನು ಹುಡುಕುವುದೇ ದೊಡ್ಡ ಕೆಲಸ. ಸಿಕ್ಕಿತು ಅನ್ನುವಷ್ಟರಲ್ಲಿ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಕಣ್ಣಿಟ್ಟು ನೋಡುವ ಕಿಂಡಿಯೊಳಗಿನ ಚಿತ್ರವೂ ನಿಜದ ಹಕ್ಕಿಗಿಂತ ಒಂದು ಗಳಿಗೆ ಹಿಂದೆ ಇರುತ್ತದೆ. ಇನ್ನೊಂದು, ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್ ಪಿ900ರಲ್ಲಿ ಇಲ್ಲ, ಬರೀ ಜೆಪೆಗ್. ಮುಂಜಾನೆ ಮಬ್ಬಿನಲ್ಲಿ ತೆಗೆದದ್ದನ್ನು ಆಮೇಲೆ ಎತ್ತಿ ಸರಿ ಮಾಡುವುದು ಕಷ್ಟ. ಪಿ950, ಪಿ1000ರಲ್ಲಿ ರಾ ಇದೆ.

ಕತ್ತಲೆಕೋಣೆ

ಸರಿಯಾಗಿ ಹೇಳಿದಿರಿ. ಒಂದು ಸ್ವಾರಸ್ಯ ನೋಡಿ. ಪಿ900ರ ಲೆನ್ಸ್ ನಿಜವಾಗಿ 357 ಮಿಲಿಮೀಟರ್, ಎಫ್/6.5. ಭಾಗಿಸಿದರೆ ಬಾಯಿ 55 ಮಿಲಿಮೀಟರ್. ನಮ್ಮ 300 ಎಂಎಂ ಲೆನ್ಸಿನಷ್ಟೇ! ಉಗುರಿನಷ್ಟು ಚಿಕ್ಕ ಸೆನ್ಸರ್ ಇಟ್ಟುಕೊಂಡೂ ಅದು ಕೂತ ಹಕ್ಕಿಗೆ ಅಷ್ಟು ಚೆನ್ನಾಗಿ ಬರುವ ಗುಟ್ಟು ಇದೇ. ಡಿಎಸ್‌ಎಲ್‌ಆರ್ ಮುಂದೆ ಅದು ಸೋಲುವುದು ಫೋಕಸ್ ವೇಗದಲ್ಲಿ ಮತ್ತು ರಾ ಫೈಲ್ ಇಲ್ಲದಿರುವುದರಲ್ಲಿ.

ಹಾಗಾಗಿ ಅಡಿಕೆತೋಟ ಅವರ ಪ್ರಶ್ನೆಗೆ ನನ್ನ ಉತ್ತರ: ದುಡ್ಡು ಲೆನ್ಸಿನ ಬಾಯಿಗೆ ಹಾಕಿ. ನಿಕಾನ್ 200-500 ಎಫ್/5.6 ಲೆನ್ಸಿನ ಬಾಯಿ 89 ಮಿಲಿಮೀಟರ್. ಅದೇ ಹಕ್ಕಿಯಿಂದ 54 ಮಿಲಿಮೀಟರ್ ಬಾಯಿಗಿಂತ ಎರಡೂವರೆ ಪಟ್ಟಿಗೂ ಮೀರಿ ಬೆಳಕು ತರುತ್ತದೆ. ಯಾವ ಸೆನ್ಸರ್ ಬದಲಿಸಿದರೂ ಇಷ್ಟು ಲಾಭ ಸಿಗುವುದಿಲ್ಲ. ಆದರೆ ಅದು 2.3 ಕಿಲೋ ತೂಕ, ಹಳೆಯದು ತಗೊಂಡರೂ ನಿಮ್ಮ ಪೂರ್ತಿ ದುಡ್ಡು ಅದಕ್ಕೇ ಹೋಗುತ್ತದೆ. ಸದ್ಯಕ್ಕೆ 70-300ರಲ್ಲಿ ಒಳ್ಳೆಯದೊಂದನ್ನು ಹುಡುಕಿ.

ಮ್ಯೂನಿಕ್ ಮಂಜ

ಕತ್ತಲೆಕೋಣೆ ಸರ್ ಲೆಕ್ಕವನ್ನೇ ಮುಂದುವರಿಸಿದರೆ ಡಿ7200ಕ್ಕಿಂತಲೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಇನ್ನೂ ಒಳ್ಳೆಯದು ಅನಿಸುತ್ತದೆ. ನಾನು ಇಲ್ಲಿ ಪ್ಯಾನಾಸೋನಿಕ್ 100-300 ಇಟ್ಟುಕೊಂಡಿದ್ದೇನೆ. ಅದೂ 300ರಲ್ಲಿ ಎಫ್/5.6, ಅದೇ 54 ಮಿಲಿಮೀಟರ್ ಬಾಯಿ. ತೂಕ ಸುಮಾರು ಅರ್ಧ ಕಿಲೋ. 16 ಮೆಗಾಪಿಕ್ಸೆಲ್ ಬಾಡಿ ಇದ್ದರೂ ಹಕ್ಕಿಯ ಮೇಲೆ ಡಿ7200ಕ್ಕಿಂತ ಸ್ವಲ್ಪ ಜಾಸ್ತಿಯೇ ಪಿಕ್ಸೆಲ್ ಬೀಳುತ್ತದೆ. ಕ್ಯಾಮೆರಾ, ಲೆನ್ಸ್ ಎರಡೂ ಸೇರಿ ಒಂದು ಚಿಕ್ಕ ಚೀಲದಲ್ಲಿ ಹಿಡಿಯುತ್ತವೆ. ಡಿಎಸ್‌ಎಲ್‌ಆರ್ ಯುಗ ಮುಗಿಯಿತು, ಹೊಸಬರಿಗೆ ಅದನ್ನು ಯಾಕೆ ಹೇಳಬೇಕು?

ಕತ್ತಲೆಕೋಣೆ

ಮಂಜಣ್ಣ, ಲೆಕ್ಕ ನಿಮ್ಮದು ಪೂರ್ತಿ ಸರಿ. ನಾನು ಡಿಎಸ್‌ಎಲ್‌ಆರ್ ಹೇಳುವುದಕ್ಕೆ ಎರಡು ಕಾರಣ. ಒಂದು, 50 ಸಾವಿರದೊಳಗೆ ಸಿಗುವ ಹಳೇ ಮೈಕ್ರೋ ಫೋರ್ ಥರ್ಡ್ಸ್ ಬಾಡಿಗಳು ಹಾರುವ ಹಕ್ಕಿಯ ಹಿಂದೆ ಫೋಕಸ್ ಓಡಿಸುವುದರಲ್ಲಿ ಹಿಂದೆ. ಎರಡು, ನಮ್ಮ ಕಡೆ ಹಳೇ ಲೆನ್ಸ್ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕು ಅಂದರೆ ನಿಕಾನ್, ಕ್ಯಾನನ್ ಸಿಗುವಷ್ಟು ಬೇರೆಯದು ಸಿಗುವುದಿಲ್ಲ. ನಿಮ್ಮ ಊರಿನ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟಿರಬಹುದು. ಶಿವಮೊಗ್ಗದಲ್ಲಿ ಹಾಗಿಲ್ಲ.

ಮ್ಯೂನಿಕ್ ಮಂಜ

ಸಿಗುವುದಿಲ್ಲ ಅನ್ನುವುದು ಒಪ್ಪುತ್ತೇನೆ. ಕೂತ ಹಕ್ಕಿಯೇ ಮುಖ್ಯ ಆದರೆ ನನ್ನ ಮತ ಈಗಲೂ ಅದೇ.

ಅಡಿಕೆತೋಟ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಮಿಂಚುಳ್ಳಿಗೂ ಲೆಕ್ಕ ಹಾಕಿ ನೋಡಿದೆ. 16 ಸೆಂಟಿಮೀಟರ್ ಹಕ್ಕಿ, 8 ಮೀಟರ್ ದೂರ, 300ಕ್ಕೆ 6 ಮಿಲಿಮೀಟರ್ ಬಂತು. ಅಂದರೆ ದೂರದ ಮಂಗಟ್ಟೆಗೂ ಹತ್ತಿರದ ಮಿಂಚುಳ್ಳಿಗೂ ಒಂದೇ ಲೆನ್ಸ್ ಸಾಕು!

ಮಿಂಚುಳ್ಳಿ ನೀರಿಗೆ ಹಾರುವುದನ್ನೂ ತೆಗೆಯುವ ಆಸೆ ಇದೆ. ಅದಕ್ಕೇ ಡಿಎಸ್‌ಎಲ್‌ಆರ್ ಅಂತ ತೀರ್ಮಾನ ಮಾಡಿದೆ. ಈಗ 34 ಸಾವಿರದ ಡಿ5600 ತಗೊಳ್ಳಲಾ? ಅದರ ಜೊತೆ 18-55 ಮತ್ತು ಒಂದು 70-300 ಕೊಡುತ್ತಾರೆ.

ಹುಬ್ಬಳ್ಳಿ ಹುಡುಗ

ಡಿ5600 ಬ್ಯಾಡ ಅಕ್ಕಾರ. ಅದರೊಳಗ ಮೋಟಾರ್ ಇಲ್ಲ. ಹಳೇ ಲೆನ್ಸ್ ಒಂದೂ ಕೆಲಸ ಮಾಡಂಗಿಲ್ಲ.

ಕತ್ತಲೆಕೋಣೆ

ಅದು ಅರ್ಧ ನಿಜ. ಡಿ5600 ಬಾಡಿಯಲ್ಲಿ ಮೋಟಾರ್ ಇಲ್ಲ, ಆದರೆ ಎಎಫ್-ಎಸ್, ಎಎಫ್-ಪಿ ಅಂತ ಬರೆದ ಲೆನ್ಸ್‌ಗಳ ಒಳಗೇ ಮೋಟಾರ್ ಇರುತ್ತದೆ. ಅವು ಹಳೆಯವಾದರೂ ಫೋಕಸ್ ಆಗುತ್ತವೆ. ಬರೀ ಎಎಫ್ ಅಂತ ಬರೆದವಕ್ಕೆ ಮಾತ್ರ ಕೈಯಲ್ಲಿ ಫೋಕಸ್ ತಿರುಗಿಸಬೇಕು. ಡಿ7200ರ ಬಾಡಿಯಲ್ಲೇ ಮೋಟಾರ್ ಇದೆ, ಅದಕ್ಕೆ ಈ ತಾಪತ್ರಯವಿಲ್ಲ.

ಇಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು 70-300 ಅನ್ನುವ ಹೆಸರಿನಲ್ಲಿ. ನಿಕಾನ್ ಈ ಅಳತೆಯಲ್ಲಿ ಹಲವು ಲೆನ್ಸ್ ಮಾಡಿದೆ. ಜಾಹೀರಾತಿನಲ್ಲಿ ಎಲ್ಲರೂ ಸುಮ್ನೆ 70-300 ಅಂತ ಬರೆಯುತ್ತಾರೆ. ಹಳೇ ಅಗ್ಗದ್ದು ಎಎಫ್ 70-300 ಎಫ್/4-5.6 ಜಿ. ಅದರಲ್ಲಿ ಮೋಟಾರ್ ಇಲ್ಲ, ಕೈ ನಡುಕ ತಡೆಯುವ ವಿಆರ್ ಇಲ್ಲ, 300ರಲ್ಲಿ ಮಂಕು. ಎಎಫ್-ಎಸ್ ವಿಆರ್ ಅಂತ ಇರುವುದು 2006ರ ಲೆನ್ಸ್, ಚೆನ್ನಾಗಿದೆ, ಆದರೂ 300ರ ತುದಿಯಲ್ಲಿ ಸ್ವಲ್ಪ ಮೃದು. ಎಎಫ್-ಪಿ ಡಿಎಕ್ಸ್ ಹಗುರ, ಚೂಪು, ಆದರೆ ಎಫ್/6.3. ಅದರಲ್ಲೂ ವಿಆರ್ ಇರುವುದು, ಇಲ್ಲದಿರುವುದು ಅಂತ ಎರಡು ಬಗೆ. ಎಲ್ಲಕ್ಕಿಂತ ಒಳ್ಳೆಯದು ಎಎಫ್-ಪಿ 70-300 ಎಫ್/4.5-5.6 ಇ ವಿಆರ್. ಲೆನ್ಸಿನ ಮೈಮೇಲಿನ ಅಕ್ಷರದ ಫೋಟೋ ತರಿಸಿಕೊಳ್ಳದೆ ಬೆಲೆ ಮಾತಾಡಬೇಡಿ.

ಇನ್ನೊಂದು ಮಾತು. ಡಿ90, ಡಿ7000 ಬಾಡಿ ಅಗ್ಗಕ್ಕೆ ಸಿಗುತ್ತವೆ ಅಂತ ತಗೊಂಡರೆ ಎಎಫ್-ಪಿ ಲೆನ್ಸ್ ಅದರಲ್ಲಿ ಫೋಕಸ್ಸೇ ಆಗುವುದಿಲ್ಲ. ಡಿ7200ರಲ್ಲಿ ಆಗುತ್ತದೆ. ಒಂದು ಕೊರತೆ, ಕ್ಯಾಮೆರಾ ನಿದ್ದೆಗೆ ಹೋಗಿ ಎದ್ದಾಗ ಫೋಕಸ್ ನಿಂತ ಜಾಗ ಬಿಟ್ಟಿರಬಹುದು. ಸ್ಟ್ಯಾಂಡ್‌ಬೈ ಟೈಮರ್ ಅನ್ನು ಉದ್ದ ಇಟ್ಟುಕೊಂಡರೆ ಸಾಕು.

ಅಡಿಕೆತೋಟ

(ಐದು ದಿನದ ಮೇಲೆ)

ಫೋಟೋ ತರಿಸಿದೆ. ಡಿ5600 ಜೊತೆಗಿನದು ನೀವು ಹೇಳಿದ ಆ ಹಳೇ ಅಗ್ಗದ ಲೆನ್ಸೇ! ಕೇಳಿದ್ದಕ್ಕೆ ನಿಜಕ್ಕೂ ಒಳ್ಳೆಯದಾಯಿತು. ಅದನ್ನು ಬಿಟ್ಟೆ.

ಈಗ ಶಿವಮೊಗ್ಗದಲ್ಲಿ ಒಬ್ಬರು ಡಿ7200 ಬಾಡಿಗೆ 28 ಸಾವಿರ, ಎಎಫ್-ಎಸ್ ವಿಆರ್ 70-300ಕ್ಕೆ 14 ಸಾವಿರ ಹೇಳುತ್ತಿದ್ದಾರೆ. ಭಾನುವಾರ ನೋಡಲು ಹೋಗುತ್ತೇನೆ. ಏನೇನು ನೋಡಬೇಕು?

ಕತ್ತಲೆಕೋಣೆ

ಮನೆಯಿಂದ ಹೊರಡುವ ಮೊದಲೇ ಅವರ ಹತ್ತಿರ ಈವತ್ತು ತೆಗೆದ ಒಂದು ಜೆಪೆಗ್ ಕೇಳಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಆಮೇಲೆ ಕಂಪ್ಯೂಟರಿನಲ್ಲಿ exiftool ಅನ್ನುವ ತಂತ್ರಾಂಶ ಹಾಕಿಕೊಂಡು ಹೀಗೆ ಕೊಡಿ:

```
exiftool -ShutterCount -SerialNumber DSC_0001.JPG
```

ಶಟರ್ ಎಷ್ಟು ಸಲ ಬಡಿದಿದೆ ಅಂತ ಬರುತ್ತದೆ. ಡಿ7200ರ ಶಟರ್ ಅನ್ನು ನಿಕಾನ್ ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದೆ. 50 ಸಾವಿರದ ಒಳಗಿದ್ದರೆ ನಿಶ್ಚಿಂತೆ. ಅದರ ಜೊತೆಗೇ ಬಂದ ಸೀರಿಯಲ್ ನಂಬರ್ ಬಾಡಿಯ ಕೆಳಗಿನದ್ದಕ್ಕೂ ಬಿಲ್ಲಿನದ್ದಕ್ಕೂ ಹೊಂದಬೇಕು. ಹೊಂದದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. (ವಿದ್ಯಾ ಮೇಡಂ, ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಈ ಎಣಿಕೆ ಫೋಟೋದೊಳಗೆ ಬರುವುದಿಲ್ಲ.)

ಲೆನ್ಸ್ ನೋಡುವಾಗ ಒಂದು ಕೈಚಳಕ ಬೇಕು. ಈ ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿದಾಗ ಬಾಯಿ ಕಿರಿದು ಮಾಡುವ ಒಳಗಿನ ಎಲೆಗಳು ಮುಚ್ಚಿಕೊಂಡಿರುತ್ತವೆ, ಒಳಗಿನ ಗಾಜು ಕಾಣುವುದಿಲ್ಲ. ಹಿಂಭಾಗದಲ್ಲಿ ಒಂದು ಚಿಕ್ಕ ಲೋಹದ ಸನ್ನೆ ಇದೆ. ಅದನ್ನು ಉಗುರಿನಿಂದ ಮೆಲ್ಲಗೆ ಸರಿಸಿ ಹಿಡಿದರೆ ಎಲೆಗಳು ತೆರೆಯುತ್ತವೆ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕಿ ಎಷ್ಟಿದ್ದರೂ ಚಿಂತೆ ಇಲ್ಲ. ಜೇಡರ ಬಲೆಯ ಎಳೆಯ ಹಾಗೆ ಕವಲೊಡೆದದ್ದು ಕಂಡರೆ ಅದು ಫಂಗಸ್. ಪೂರ್ತಿ ಮಂಜು ಕವಿದ ಹಾಗಿದ್ದರೆ ಗಾಜಿನ ಮೇಲೆ ಎಣ್ಣೆ ಪಸೆ ಕೂತಿದೆ ಅಂತ.

ಕೊನೆಗೆ ಒಂದು ಪೇಪರ್ ಕೇಳಿ ಮೇಜಿನ ಮೇಲೆ ಓರೆಯಾಗಿ ಒರಗಿಸಿ. ಕಿಂಡಿಯೊಳಗೆ ನೋಡಿ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ, ಆಮೇಲೆ ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಅದೇ ಸಾಲಿಗೆ ತೆಗೆಯಿರಿ. ಎರಡರಲ್ಲೂ ಅದೇ ಸಾಲು ಚೂಪಾಗಿರಬೇಕು. ಮೊದಲನೆಯದರಲ್ಲಿ ಹಿಂದಿನ ಅಥವಾ ಮುಂದಿನ ಸಾಲು ಚೂಪಾಗಿದ್ದರೆ ಫೋಕಸ್ ಜಾರುತ್ತಿದೆ. ಡಿ7200ರಲ್ಲಿ ಅದನ್ನು ಮೆನುವಿನಲ್ಲೇ ತಿದ್ದಬಹುದು, ಡಿ5600ರಲ್ಲಿ ಆ ಸೌಲಭ್ಯ ಇಲ್ಲ. ನಾನು ಡಿ7200 ಅಂತ ಹಟ ಹಿಡಿದಿದ್ದಕ್ಕೆ ಮುಖ್ಯ ಕಾರಣವೂ ಇದೇ.

ಅಡಿಕೆತೋಟ

ಹೋಗಿ ಬಂದೆ. ಬಾಡಿ ಚೆನ್ನಾಗಿದೆ. ಶಟರ್ ಎಣಿಕೆ 41,862. ಸೀರಿಯಲ್ ನಂಬರ್ ಬಿಲ್ಲಿಗೆ ಹೊಂದಿತು. ಹಿಡಿಯುವ ಜಾಗದ ರಬ್ಬರ್ ಸ್ವಲ್ಪ ಉಬ್ಬಿದೆ. ಪೇಪರ್ ಪರೀಕ್ಷೆಯಲ್ಲಿ ಎರಡೂ ಫೋಟೋ ಒಂದೇ ಥರ ಬಂದವು.

ಲೆನ್ಸ್ ಮಾತ್ರ ಬೇಸರ ತಂದಿತು. ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಸನ್ನೆ ಸರಿಸಿ ಟಾರ್ಚ್ ಬಿಟ್ಟಾಗ ಒಳಗಿನ ಒಂದು ಗಾಜಿನ ಅಂಚಿನಲ್ಲಿ ಬೇರಿನ ಹಾಗೆ ಎಳೆಗಳು ಕಂಡವು. ಮಾಲೀಕರಿಗೆ ತೋರಿಸಿದೆ, ಅವರಿಗೂ ಗೊತ್ತಿರಲಿಲ್ಲ. ಚರ್ಮದ ಚೀಲದಲ್ಲಿ ಎರಡು ಮಳೆಗಾಲ ಬೀರುವಿನಲ್ಲೇ ಇಟ್ಟಿದ್ದರಂತೆ. 9 ಸಾವಿರಕ್ಕೆ ಕೊಡುತ್ತೇನೆ ಅಂದರು. ತಗೊಳ್ಳಲಾ?

ಕೆರೆಯಂಗಳ

ನಾನಾದರೆ ತಗೊಳ್ಳುತ್ತಿದ್ದೆ. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೋದಲ್ಲಿ ಕಾಣುವುದೇ ಇಲ್ಲ. ಆಮೇಲೆ ಬಿಚ್ಚಿಸಿ ಒರೆಸಿದರಾಯಿತು.

ಕತ್ತಲೆಕೋಣೆ

ಮುಂದಿನ ಅಥವಾ ಹಿಂದಿನ ಗಾಜಿನಲ್ಲಿ ಇದ್ದಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಒಳಗಿನ ಗಾಜು ಅಂದರೆ ಪೂರ್ತಿ ಬಿಚ್ಚಬೇಕು. ವಿಆರ್ ಗಾಜು ಅಲುಗಾಡುವ ಭಾಗ, ಕೂರಿಸುವಾಗ ಒಂದು ಕೂದಲೆಳೆ ಆಚೀಚೆ ಆದರೆ ಫೋಟೋದ ಒಂದು ಬದಿ ಮಂಕಾಗುತ್ತದೆ. ಫಂಗಸ್ ಬಹಳ ದಿನ ಕೂತಿದ್ದರೆ ಗಾಜಿನ ಲೇಪನವನ್ನೇ ತಿಂದಿರುತ್ತದೆ. ಒರೆಸಿದ ಮೇಲೂ ಬೇರಿನ ಗುರುತು ಉಳಿಯುತ್ತದೆ. ನಾನು ಬಿಚ್ಚಿದ ಎಷ್ಟೋ ಲೆನ್ಸ್‌ಗಳಲ್ಲಿ ಹೀಗಾಗಿದೆ. ಎದುರು ಬಿಸಿಲಿಗೆ ತೆಗೆದಾಗ ಅದು ಕಂಡೇ ಕಾಣುತ್ತದೆ, ಮಂಗಟ್ಟೆ ಕೂರುವುದೂ ಆಕಾಶದ ಎದುರಿಗೇ.

ಹುಬ್ಬಳ್ಳಿ ಹುಡುಗ

ಫಂಗಸ್ ಲೆನ್ಸ್ ಒಂದು ಚೀಲದಾಗ ಇಟ್ರ ಬಾಕಿ ಎಲ್ಲಾಕ್ಕೂ ಹತ್ತತೈತಿ ಅಂತಾರ, ಅದೂ ನೆನಪಿರ್ಲಿ.

ಕತ್ತಲೆಕೋಣೆ

ಅದರ ಬೀಜ ಗಾಳಿಯಲ್ಲಿ ಎಲ್ಲ ಕಡೆ ಇದೆ ಮಾರಾಯರೇ, ನಿಮ್ಮ ಲೆನ್ಸಿನೊಳಗೂ ಇದೆ. ಮೊಳಕೆ ಒಡೆಯುವುದು ತೇವ, ಕತ್ತಲೆ ಸಿಕ್ಕಾಗ. ನನ್ನ ಅನುಭವದಲ್ಲಿ ದೋಷ ಪಕ್ಕದ ಲೆನ್ಸಿನದ್ದಲ್ಲ, ಚೀಲದ್ದು.

ಹುಬ್ಬಳ್ಳಿ ಹುಡುಗ

ಇರಬಹುದು ಸರ್. ನಾನಂತೂ ಬ್ಯಾರೆನ ಇಡತೀನಿ.

ಅಡಿಕೆತೋಟ

(ಮೂರು ವಾರದ ಮೇಲೆ)

ಬಾಡಿಯನ್ನು ರಬ್ಬರ್ ತೋರಿಸಿ 26,500ಕ್ಕೆ ತಗೊಂಡೆ. ಫಂಗಸ್ ಲೆನ್ಸ್ ಬಿಟ್ಟೆ. ಬೆಂಗಳೂರಿನಲ್ಲಿರುವ ನಮ್ಮ ತಮ್ಮ ಅಲ್ಲೇ ಒಬ್ಬರ ಹತ್ತಿರ ಎಎಫ್-ಪಿ ಎಫ್/4.5-5.6 ಇ ಲೆನ್ಸ್ ನೋಡಿ, 21 ಸಾವಿರಕ್ಕೆ ತಂದುಕೊಟ್ಟ. ಟಾರ್ಚ್ ಬಿಟ್ಟು ನೋಡಿದ್ದಾನೆ, ಸ್ವಚ್ಛವಾಗಿದೆ. ಒಟ್ಟು 47,500 ಆಯಿತು.

ಮೊದಲ ಎರಡು ದಿನ 300ರಲ್ಲಿ ಎಲ್ಲ ಫೋಟೋ ಎರಡೆರಡು ಗೆರೆ ಬಂದ ಹಾಗೆ ಮಂಕಾಗಿದ್ದವು. ಮೋಸ ಹೋದೆ ಅಂತ ಅಳುವೇ ಬಂತು. ಆಮೇಲೆ ನೋಡಿದರೆ ಲೆನ್ಸಿನ ಮುಂದೆ ಹಳೇ ಮಾಲೀಕರು ಹಾಕಿದ್ದ ಒಂದು ಅಗ್ಗದ ಯುವಿ ಫಿಲ್ಟರ್ ಇತ್ತು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಫಿಲ್ಟರ್ ಹಾಕಿ ಒಂದು, ತೆಗೆದು ಒಂದು ಹೊಡೆದೆ. ತೆಗೆದದ್ದರಲ್ಲಿ ಸಣ್ಣ ಅಕ್ಷರದ ತಿಥಿ ಕೂಡ ಓದಲು ಬಂತು.

ನಿನ್ನೆ ಬೆಳಿಗ್ಗೆ ಏಳಕ್ಕೆ ಮಂಗಟ್ಟೆ ಬಂತು. ಎಫ್/5.6, ಸೆಕೆಂಡಿನ 320ನೇ ಒಂದು ಭಾಗ, ಐಎಸ್‌ಒ 3200. ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಎಣಿಸಿದೆ ಸರ್, 1,340 ಪಿಕ್ಸೆಲ್! ಬಾಯಲ್ಲಿ ಅತ್ತಿ ಹಣ್ಣು, ಕಣ್ಣಿನ ಸುತ್ತಲಿನ ರೆಪ್ಪೆಗೂದಲು ಕೂಡ ಕಾಣುತ್ತದೆ. ಕಪ್ಪು ಜಾಗದಲ್ಲಿ ಸ್ವಲ್ಪ ಕಾಳು ಇದೆ, ನನಗೆ ಅದೇನೂ ಬೇಸರವಿಲ್ಲ.

ಮಿಂಚುಳ್ಳಿ ಹಾರುವುದು ಇನ್ನೂ ಒಂದೂ ಸಿಕ್ಕಿಲ್ಲ. ಉಳಿದ 2,500ರಲ್ಲಿ ಏನು ಮಾಡಲಿ? ಮಳೆಗಾಲ ಹತ್ತಿರ ಬಂತು.

ಕತ್ತಲೆಕೋಣೆ

ಓದಿ ಬಹಳ ಖುಷಿಯಾಯಿತು ತಾಯಿ. ಆ ದುಡ್ಡಿನಲ್ಲಿ ಬೇರೇನೂ ಬೇಡ. ರಬ್ಬರ್ ಅಂಚಿರುವ, ಗಾಳಿ ಆಡದ ಒಂದು ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ತೀರಾ ಕೆಳಗೆ ಹೋದರೆ ರಬ್ಬರ್ ಒಣಗುತ್ತದೆ, 60 ದಾಟಿ ವಾರಗಟ್ಟಲೆ ನಿಂತರೆ ಫಂಗಸ್‌ಗೆ ದಾರಿ. ಜೆಲ್ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು. ಅದಕ್ಕೆ ಹಳೇ ಬಾಣಲೆ ಬೇರೆಯೇ ಇಡಿ, ಅಡುಗೆಯದು ಬೇಡ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ. ಚರ್ಮದ ಚೀಲ ಇದ್ದರೆ ಡಬ್ಬಿಯೊಳಗೆ ಇಡಬೇಡಿ.

ಮಿಂಚುಳ್ಳಿಗೆ ಸೆಕೆಂಡಿನ 2000ನೇ ಒಂದು ಭಾಗಕ್ಕಿಂತ ವೇಗ ಬೇಕು, ಅಂದರೆ ಹತ್ತು ಗಂಟೆಯ ಬಿಸಿಲು. ಹಕ್ಕಿಯ ಮೇಲೆ ಫೋಕಸ್ ಇಟ್ಟು ಹಿಂಬಾಲಿಸಲು ಹೋಗಬೇಡಿ. ದಿನಾ ಒಂದೇ ಕೋಲು ಅಂದಿರಲ್ಲ, ಅದು ಯಾವಾಗಲೂ ನೀರಿಗೆ ಬೀಳುವ ಜಾಗ ನೋಡಿಟ್ಟುಕೊಂಡು ಅಲ್ಲಿಗೆ ಫೋಕಸ್ ಕಟ್ಟಿಹಾಕಿ.

ಮ್ಯೂನಿಕ್ ಮಂಜ

ಮಂಗಟ್ಟೆ ಫೋಟೋ ದಯವಿಟ್ಟು ಹಾಕಿ ಅಕ್ಕಾ. ಊರು ಬಿಟ್ಟು ಹನ್ನೊಂದು ವರ್ಷ ಆಯಿತು.

ಅಡಿಕೆತೋಟ

ಸಂಜೆ ಕರೆಂಟ್ ಬಂದ ಕೂಡಲೇ ಹಾಕುತ್ತೇನೆ. ಡಬ್ಬಿ ತಂದೆ. ನಿನ್ನೆ ರಾತ್ರಿ ಮುಚ್ಚುವಾಗ ಮುಳ್ಳು 74ರಲ್ಲಿತ್ತು, ಈಗ 49.

ವಿದ್ಯಾ ಎನ್.

50 ಎಂಎಂ ಬಂತು. ಶನಿವಾರ ಮಗಳ ಕಾರ್ಯಕ್ರಮ. ಎಫ್/1.8ರಲ್ಲೇ ಇಡಲಾ, 2.2ಕ್ಕೆ ಇಳಿಸಲಾ?